ನೇಮಕಾತಿ ನಿಲ್ಲಿಸಿದ್ದೇವೆ ಅಂತ ಹೇಳಬೇಕಾದ ಆ ಬೆಳಗ್ಗೆ

(ಮ್ಯಾನೇಜರ್‌ಗಳು ಮತ್ತು ಎಚ್‌ಆರ್ ವಿಭಾಗದವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಂದು ಶುಕ್ರವಾರ ಬೆಳಗ್ಗೆ 11 ಗಂಟೆಗೆ ಒಬ್ಬ ಹುಡುಗ ನಮ್ಮ ಆಫೀಸಿನ ರಿಸೆಪ್ಷನ್‌ನಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಫೈಲು. ಮೂರನೇ ಸುತ್ತಿನ ಇಂಟರ್‌ವ್ಯೂಗೆ ಬಂದಿದ್ದ. ಅವನನ್ನು ಒಳಗೆ ಕರೆಯಬೇಕಿದ್ದ ಮ್ಯಾನೇಜರ್ ತಮ್ಮ ಸೀಟಿನಲ್ಲೇ ಇದ್ದರು. ಆದರೆ ಎದ್ದು ಬರಲಿಲ್ಲ. ರಿಸೆಪ್ಷನ್‌ನಿಂದ ಎರಡು ಸಲ ಫೋನ್ ಹೋಯಿತು. ಕೊನೆಗೆ ಅವರ ಟೀಮಿನ ಹುಡುಗಿಯೊಬ್ಬಳು, "ಸರ್, ಅವರು ಮುಕ್ಕಾಲು ಗಂಟೆಯಿಂದ ಕಾಯ್ತಿದ್ದಾರೆ" ಅಂದಳು. ಅವರು ತಲೆ ತಗ್ಗಿಸಿ, "ನಾನೇನೂ ಹೇಳೋ ಹಾಗಿಲ್ಲ, ಎಚ್‌ಆರ್ ಕೇಳಿ" ಅಂದರು.

ಅಷ್ಟು ಸಾಕಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ "ಲಿಸ್ಟ್ ರೆಡಿಯಾಗಿದೆಯಂತೆ" ಅನ್ನುವ ಮಾತು ಎರಡು ಮಹಡಿ ದಾಟಿತ್ತು.

ಲಿಸ್ಟೂ ಇರಲಿಲ್ಲ, ಏನೂ ಇರಲಿಲ್ಲ. ಯಾರನ್ನೂ ತೆಗೆಯುವ ಯೋಚನೆ ಆಗ ಯಾರ ತಲೆಯಲ್ಲೂ ಇರಲಿಲ್ಲ. ಹಿಂದಿನ ದಿನ ಸಂಜೆ ಮ್ಯಾನೇಜರ್‌ಗಳಿಗೆ ಮೂರು ಸಾಲಿನ ಮೇಲ್ ಹೋಗಿತ್ತು, ಅಷ್ಟೇ. "ತಕ್ಷಣದಿಂದ ಎಲ್ಲ ನೇಮಕಾತಿಯನ್ನು ತಡೆಹಿಡಿಯಲಾಗಿದೆ. ಮುಂದಿನ ಸೂಚನೆಯವರೆಗೆ ಇದು ಜಾರಿಯಲ್ಲಿರುತ್ತದೆ. ದಯವಿಟ್ಟು ಗೌಪ್ಯವಾಗಿಡಿ."

ಆ ಮೇಲ್ ಬರೆದವಳು ನಾನೇ.

ಮೂರು ವಾರದಲ್ಲಿ ಇಬ್ಬರು ರಾಜೀನಾಮೆ ಕೊಟ್ಟರು. ಇಬ್ಬರೂ ಬೇರೆ ಕಡೆ ಸುಲಭವಾಗಿ ಕೆಲಸ ಸಿಗುವಂಥವರು. ಇಂಥ ಹೊತ್ತಲ್ಲಿ ಮೊದಲು ಹೊರಡುವುದು ಅವರೇ. ಫ್ರೀಜ್ ಇತ್ತಲ್ಲ, ಆ ಎರಡು ಜಾಗ ತುಂಬಿಸೋಕೂ ಆಗಲಿಲ್ಲ.

ನಾಲ್ಕು ವರ್ಷದ ನಂತರ, ಬೇರೊಂದು ಕಂಪನಿಯಲ್ಲಿ, ಇದೇ ಕೆಲಸ ಮತ್ತೆ ನನ್ನ ಮೇಜಿಗೆ ಬಂತು. ಇವತ್ತು ಹೆಚ್ಚಾಗಿ ಆ ಎರಡನೇ ಸಲದ ಬಗ್ಗೆ ಮಾತಾಡ್ತೀನಿ. ಅಲ್ಲೂ ಎಲ್ಲ ಸರಿಯಾಯಿತು ಅಂತ ಅಂದುಕೊಳ್ಳಬೇಡಿ.

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡೋಣ. ಹೈರಿಂಗ್ ಫ್ರೀಜ್ ಅಂದ ಕೂಡಲೇ ಜನರ ಕಿವಿಗೆ ಲೇಆಫ್ ಅಂತ ಕೇಳಿಸುತ್ತದೆ. ಅದಕ್ಕೆ ಅವರನ್ನು ದೂರಬೇಡಿ, ಅವರು ನೋಡಿರುವುದೇ ಹಾಗೆ. 2022ರ ಸೆಪ್ಟೆಂಬರ್ ಕೊನೆಗೆ ಮೆಟಾ ಕಂಪನಿ ಹೊಸ ನೇಮಕಾತಿ ನಿಲ್ಲಿಸಿತು. ನವೆಂಬರ್ 9ಕ್ಕೆ 11,000 ಜನರನ್ನು ಕಳಿಸುತ್ತೇವೆ ಅಂತ ಹೇಳಿತು. ಅಮೆಜಾನ್ ಅದೇ ನವೆಂಬರ್ ಶುರುವಿನಲ್ಲಿ ಕಚೇರಿ ಹುದ್ದೆಗಳ ನೇಮಕಾತಿಗೆ ತಡೆ ಹಾಕಿತು. ಆ ತಿಂಗಳೇ ಜನರನ್ನು ಕಳಿಸುವುದೂ ಶುರುವಾಯಿತು, ಜನವರಿಗೆ ಆ ಲೆಕ್ಕ 18,000 ದಾಟಿತು. ಗೂಗಲ್ 2022ರ ಜುಲೈನಲ್ಲಿ ನೇಮಕಾತಿ ನಿಧಾನ ಮಾಡಿತು, 2023ರ ಜನವರಿಯಲ್ಲಿ 12,000 ಹುದ್ದೆ ತೆಗೆಯುವುದಾಗಿ ಹೇಳಿತು. ಇದನ್ನೆಲ್ಲ ಓದಿದವರ ಮುಂದೆ ನಿಂತು "ಸುಮ್ನೆ ಹೆದರ್ತೀರಿ" ಅಂದರೆ ಯಾರು ನಂಬುತ್ತಾರೆ?

ಹಾಗಾಗಿ ನಾನು ಮೊದಲು ಮಾಡುವ ಕೆಲಸಕ್ಕೂ ನೌಕರರಿಗೂ ಸಂಬಂಧವಿಲ್ಲ. ಮುಚ್ಚಿದ ಬಾಗಿಲ ಹಿಂದೆ ಕೂತು ಹಣಕಾಸು ಮುಖ್ಯಸ್ಥರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ. "ಸರ್, ಇದು ಲೇಆಫ್ ಬದಲಿಗೋ, ಲೇಆಫ್‌ಗೆ ಮುಂಚೆಯೋ?"

ಈ ಪ್ರಶ್ನೆ ಯಾರಿಗೂ ಇಷ್ಟ ಆಗಲ್ಲ. ಆ ಸಲವೂ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರು ಹೇಳಿದ್ದು ಇದು: "ಬದಲಿಗೇ. ಈ ವರ್ಷ ಬರಬೇಕಿದ್ದ ದೊಡ್ಡ ಗುತ್ತಿಗೆಯೊಂದು ಮುಂದಕ್ಕೆ ಹೋಗಿದೆ. ಹೊಸಬರನ್ನು ತೆಗೆದುಕೊಳ್ಳದಿದ್ದರೆ ಇರುವವರನ್ನು ಇಟ್ಟುಕೊಂಡು ವರ್ಷ ದಾಟಬಹುದು. ಆದರೆ ಸೆಪ್ಟೆಂಬರ್ ಕಳೆದರೂ ಆ ಗುತ್ತಿಗೆಗೆ ಸಹಿ ಬೀಳದಿದ್ದರೆ ನಾನು ಮಾತು ಕೊಡಲಾರೆ."

ನಾನು ಅದನ್ನು ಅವರ ಮಾತಿನಲ್ಲೇ ಬರೆದುಕೊಂಡೆ. ಮುಂದೆ ನಾವು ಆಡಿದ್ದೆಲ್ಲ ಈ ನಾಲ್ಕು ವಾಕ್ಯದಿಂದಲೇ ಬಂತು. ಉತ್ತರ "ಮುಂಚೆ" ಅಂತ ಬಂದಿದ್ದರೆ? ಆಗ "ಲೇಆಫ್ ಯೋಚನೆ ಇಲ್ಲ" ಅನ್ನುವ ಮಾತು ಯಾರ ಬಾಯಲ್ಲೂ ಬರಕೂಡದು. "ಎಲ್ಲ ಖರ್ಚನ್ನೂ ನೋಡುತ್ತಿದ್ದೇವೆ, ಇಂಥ ದಿನಾಂಕದೊಳಗೆ ಹೇಳುತ್ತೇವೆ" ಅಂತ ಹೇಳಬಹುದು. ಜನ ಹೆದರುತ್ತಾರೆ, ನಿಜ. ಆದರೆ ಅಲ್ಲಿ ಹೆದರೋಕೆ ಕಾರಣ ಇದೆಯಲ್ಲ. ಕಾರಣ ಇರುವ ಭಯವನ್ನು ಮಾತಿನಲ್ಲಿ ಮರೆಮಾಚುವುದು ಹೇಗೆ ಅಂತ ಹೇಳಿಕೊಡೋಕೆ ನಾನು ಇಲ್ಲಿಗೆ ಬಂದಿಲ್ಲ.

ಎರಡನೆಯದು, ಫ್ರೀಜ್‌ನ ಗಡಿ ಗೆರೆ ಎಳೆಯುವುದು. "ಎಲ್ಲ ನೇಮಕಾತಿ" ಅಂತ ಬರೆಯೋದು ಸುಲಭ. ಆದರೆ ಮಾರನೇ ದಿನ ಬರುವ ಪ್ರಶ್ನೆಗಳೆಲ್ಲ ಅಂಚಿನಲ್ಲಿರುವವರ ಬಗ್ಗೆ. ಆಫರ್ ಒಪ್ಪಿಕೊಂಡು ಇನ್ನೂ ಸೇರದವರ ಕಥೆ ಏನು? ಕೆಲಸ ಬಿಟ್ಟವರ ಜಾಗ ತುಂಬಬಹುದಾ? ಪ್ರೊಬೇಷನ್‌ನಲ್ಲಿ ಇರುವವರು ಖಾಯಂ ಆಗ್ತಾರಾ? ಪ್ರಮೋಷನ್? ಒಂದು ಟೀಮಿನಿಂದ ಇನ್ನೊಂದಕ್ಕೆ ಹೋಗೋದು? ಗುತ್ತಿಗೆ ಮೇಲೆ ಇರುವವರು, ಇಂಟರ್ನ್‌ಗಳು?

ನಮ್ಮಲ್ಲಿ ಒಟ್ಟು 340 ಜನ ಇದ್ದರು. ಆ ದಿನ 27 ಹುದ್ದೆ ಖಾಲಿ ಇದ್ದವು. ಒಂದೊಂದನ್ನೂ ತೆಗೆದು ಮೇಜಿನ ಮೇಲೆ ಇಟ್ಟುಕೊಂಡು ನೋಡಿದೆವು. 4 ಜನ ಆಫರ್ ಒಪ್ಪಿದ್ದರು. ಅವರು ಹಳೇ ಕಡೆ ರಾಜೀನಾಮೆ ಕೊಟ್ಟಾಗಿತ್ತು. ಅವರು ಬರುತ್ತಾರೆ, ಅದರಲ್ಲಿ ಚರ್ಚೆಯೇ ಇಲ್ಲ. ಇನ್ನಿಬ್ಬರ ಕೈಗೆ ಆಫರ್ ಹೋಗಿತ್ತು, ಉತ್ತರ ಬಂದಿರಲಿಲ್ಲ. ಪತ್ರದಲ್ಲಿ ಬರೆದ ಗಡುವಿನವರೆಗೆ ಅದನ್ನೂ ಉಳಿಸಿಕೊಂಡೆವು. 5 ಹುದ್ದೆ ಬಿಟ್ಟುಹೋದವರ ಜಾಗಗಳು. ಅದರಲ್ಲಿ ಸಂಬಳ ಲೆಕ್ಕ ಮಾಡುವ ಒಂದು, ರಾತ್ರಿ ಪಾಳಿಯ ಸಪೋರ್ಟ್‌ನ ಒಂದು, ಎರಡನ್ನು ಮಾತ್ರ ಬಿಟ್ಟು ಮಿಕ್ಕ ಮೂರನ್ನು ಮುಚ್ಚಿದೆವು. ಉಳಿದ 16 ಹುದ್ದೆ ಹೊಸವು, ಎಲ್ಲವೂ ಬಂದ್. ಅಂದರೆ ಫ್ರೀಜ್ ಹಾಕಿದ ಮೇಲೂ 8 ಹೊಸ ಮುಖ ಒಳಗೆ ಬರಬಹುದು. ಈ 8 ಅನ್ನುವ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ನಮಗೆ ತಲೆನೋವು ತಂದಿತು.

ಆಫರ್ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ. 1981ರ ಜನವರಿ 20ರಂದು ರೇಗನ್ ಅಮೆರಿಕದ ಅಧ್ಯಕ್ಷರಾದ ದಿನವೇ ಸರ್ಕಾರಿ ನೇಮಕಾತಿಗೆ ತಡೆ ಹಾಕಿದರು. ಅದನ್ನು ಹಿಂದಿನ ನವೆಂಬರ್ 5ರಿಂದಲೇ ಅನ್ವಯ ಮಾಡಿದರು. ಕೆಲಸದ ಪತ್ರ ಕೈಯಲ್ಲಿ ಹಿಡಿದುಕೊಂಡು, ಹಳೇ ಕೆಲಸ ಬಿಟ್ಟವರು ನಡುನೀರಿನಲ್ಲಿ ನಿಂತರು. ವಿಷಯ ಕೋರ್ಟಿಗೂ ಹೋಯಿತು. ಕಾನೂನಿನ ಮಾತು ಪಕ್ಕಕ್ಕಿರಲಿ. ಒಪ್ಪಿದ ಆಫರ್ ವಾಪಸ್ ತೆಗೆದುಕೊಂಡರೆ ಒಳಗಿರುವ 340 ಜನ ಒಂದು ಪಾಠ ಕಲಿಯುತ್ತಾರೆ: ಈ ಕಂಪನಿಯ ಸಹಿಗೆ ಬೆಲೆ ಇಲ್ಲ. ಆಮೇಲೆ ನೀವು ಅವರ ಮುಂದೆ ಎಷ್ಟು ಚೆನ್ನಾಗಿ ಮಾತಾಡಿದರೂ ಅಷ್ಟೇ.

ಇನ್ನು ಹೇಳುವ ದಿನ. ನಾವು ಮಂಗಳವಾರ ಆರಿಸಿಕೊಂಡೆವು. ಶುಕ್ರವಾರ ಬೇಡ. ಶುಕ್ರವಾರ ಹೇಳಿದರೆ ಶನಿವಾರ, ಭಾನುವಾರ ಜನ ಮನೆಯಲ್ಲಿ ಕೂತು ಒಬ್ಬರಿಗೊಬ್ಬರು ಮೆಸೇಜ್ ಮಾಡ್ತಾರೆ, ಉತ್ತರ ಕೊಡೋಕೆ ನೀವಿರಲ್ಲ.

ಬೆಳಗ್ಗೆ 9 ಗಂಟೆಗೆ ಮೊದಲು ಕೂರಿಸಿಕೊಂಡಿದ್ದು ನೇಮಕಾತಿ ಮಾಡುವ ನಮ್ಮದೇ 5 ಜನರನ್ನು. ಇವರನ್ನು ಎಲ್ಲರೂ ಮರೆತುಬಿಡುತ್ತಾರೆ. ನೇಮಕಾತಿ ನಿಂತರೆ ನೇಮಕಾತಿ ಮಾಡುವವರಿಗೆ ಏನು ಕೆಲಸ, ಅಲ್ವಾ? ಎಲ್ಲರಿಗಿಂತ ಜಾಸ್ತಿ ಭಯ ಇರೋದು ಅವರಿಗೇ. ಅದರ ಮೇಲೆ, ಅಭ್ಯರ್ಥಿಗಳಿಗೆ ಫೋನ್ ಮಾಡಬೇಕಾದವರೂ ಅವರೇ. ಮುಂದಿನ ಆರು ತಿಂಗಳು ಯಾರು ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟುಕೊಂಡು ಹೋಗಿದ್ದೆ. ಇಬ್ಬರು ಟ್ರೈನಿಂಗ್ ಕಡೆಗೆ, ಒಬ್ಬರು ಒಳಗಿನ ವರ್ಗಾವಣೆಗಳಿಗೆ, ಇಬ್ಬರು ಉಳಿದ ಹುದ್ದೆಗಳಿಗೆ. ಇದು ಇಲ್ಲದೆ ಅವರ ಮುಂದೆ ಹೋಗಬೇಡಿ.

10 ಗಂಟೆಗೆ 31 ಮ್ಯಾನೇಜರ್‌ಗಳು. ಮುಕ್ಕಾಲು ಗಂಟೆ. 12ರ ಒಳಗೆ ಪ್ರತಿಯೊಬ್ಬರೂ ತಮ್ಮ ಟೀಮಿಗೆ ಬಾಯಲ್ಲಿ ಹೇಳಬೇಕು. ರಜೆಯಲ್ಲಿರುವವರಿಗೆ, ರಾತ್ರಿ ಪಾಳಿಯವರಿಗೆ ಫೋನ್. ಅದೇ ಹೊತ್ತಿಗೆ ಇಂಟರ್‌ವ್ಯೂ ನಡುವೆ ಇದ್ದ 19 ಅಭ್ಯರ್ಥಿಗಳಿಗೆ ಕರೆ. 12:15ಕ್ಕೆ ಎಲ್ಲರಿಗೂ ಮೇಲ್. ಅದಾದ ಮೇಲೆಯೇ ವೆಬ್‌ಸೈಟಿನಲ್ಲಿದ್ದ ಹುದ್ದೆಗಳನ್ನು ತೆಗೆಯುವುದು. ಹುದ್ದೆ ಮಾಯವಾಗಿ ಆಮೇಲೆ ಮೇಲ್ ಬಂದರೆ, ಮೇಲ್ ಬರುವ ಮೊದಲೇ ಕಥೆ ಹುಟ್ಟಿರುತ್ತದೆ.

ಮ್ಯಾನೇಜರ್‌ಗಳಿಗೂ ಟೀಮಿಗೂ ನಡುವೆ ಬರೀ ಎರಡು ಗಂಟೆ ಯಾಕೆ ಅಂತ ಕೇಳಬಹುದು. "ಅವರಿಗೆ ಎರಡು ದಿನ ಮುಂಚೆ ಹೇಳಿ, ತಯಾರಾಗಲಿ" ಅಂತ ಎಲ್ಲರೂ ಸಲಹೆ ಕೊಡ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. 31 ಜನರ ಬಳಿ ಗುಟ್ಟು ಎರಡು ದಿನ ಉಳಿಯಲ್ಲ. ಬಾಯಿ ಬಿಡದೇ ಇದ್ದರೂ ಮುಖ ಹೇಳುತ್ತದೆ. ಮೊದಲ ಕಥೆಯ ಆ ಮ್ಯಾನೇಜರ್ ಒಂದು ಮಾತೂ ಬಿಟ್ಟುಕೊಡಲಿಲ್ಲ, ಗುಟ್ಟು ಕಾಪಾಡಿದರು. ಅವರು ಕಾಪಾಡಿದ ರೀತಿಯೇ ಜನರನ್ನು ಹೆದರಿಸಿದ್ದು. (ಒಂದು ಎಚ್ಚರಿಕೆ: ನಿಮ್ಮದು ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿ ಆಗಿದ್ದರೆ ಈ ಗಡಿಯಾರ ಇಡುವ ಮೊದಲು ಕಾನೂನು ವಿಭಾಗದವರನ್ನು ಕೇಳಿ. ಯಾವ ಅಂಕಿ ಯಾವಾಗ ಹೊರಬರಬಹುದು ಅನ್ನೋದಕ್ಕೆ ನಿಯಮಗಳಿರುತ್ತವೆ.)

ಆ 10 ಗಂಟೆಯ ಸಭೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಐದು ನಿಮಿಷ ಮಾತಾಡಿ ಮುಗಿಸಿದ್ದೆ. ಒಬ್ಬ ಮ್ಯಾನೇಜರ್ ಎದ್ದು ನಿಂತರು. "ಮೇಡಂ, ಜನವರಿಯಿಂದ ಇಬ್ಬರನ್ನು ಕೊಡ್ತೀವಿ ಅಂತ ಹೇಳ್ತಾ ಬಂದಿದ್ದೀರಿ. ನಾನು ಅದನ್ನೇ ನನ್ನ ಟೀಮಿಗೆ ಹೇಳ್ಕೊಂಡು ಶನಿವಾರ ಎಲ್ಲ ಕೆಲಸ ಮಾಡಿಸಿದ್ದೀನಿ. ಈಗ ಅವರ ಮುಖ ಹೇಗೆ ನೋಡಲಿ?" ಅವರ ದನಿ ನಡುಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ನಮ್ಮ ಮುಖ್ಯಸ್ಥರು ಸಮಾಧಾನ ಹೇಳೋಕೆ ಹೊರಟರು. ನಾನು ಅವರನ್ನು ಕಣ್ಣಲ್ಲೇ ತಡೆದೆ. ಮ್ಯಾನೇಜರ್‌ಗೆ ತನ್ನ ಸಿಟ್ಟು ಹೊರಹಾಕೋಕೆ ಇಲ್ಲಿ ಜಾಗ ಸಿಗದಿದ್ದರೆ, ಅರ್ಧ ಗಂಟೆ ಕಳೆದ ಮೇಲೆ ಟೀಮಿನ ಮುಂದೆ ಅದೇ ಹೊರಗೆ ಬರುತ್ತದೆ. "ಮೇಲಿನವರು ಏನೋ ಮಾಡ್ತಿದ್ದಾರೆ, ನನ್ನನ್ನೇನೂ ಕೇಳಬೇಡಿ" ಅಂತ ಬರುತ್ತದೆ. ಅದಕ್ಕೇ ಹದಿನೈದು ನಿಮಿಷ ಬರೀ ಅವರ ಮಾತು ಕೇಳಿದೆವು. ಆ ಇಬ್ಬರು ಬರಲ್ಲ ಅಂತ ಸೀದಾ ಹೇಳಿದೆ. ಅವರ ಟೀಮಿನಿಂದ ಯಾವ ಕೆಲಸ ಇಳಿಸಬಹುದು ಅಂತ ಅದೇ ವಾರ ಕೂತು ನೋಡೋಣ ಅಂದೆ.

ಆಮೇಲೆ ಎಲ್ಲರಿಗೂ ಒಂದು ಪುಟದ ಕಾಗದ ಕೊಟ್ಟು, ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದೆ. ಒಬ್ಬರು ನೌಕರ, ಒಬ್ಬರು ಮ್ಯಾನೇಜರ್. ನೌಕರ ಆದವರು ಒಂದೇ ಪ್ರಶ್ನೆ ಕೇಳಬೇಕು: "ನಿಜ ಹೇಳಿ, ನನ್ನ ಕೆಲಸಕ್ಕೇನೂ ತೊಂದರೆ ಇಲ್ವಲ್ಲ?"

ಮೊದಲು ಬಂದ ಉತ್ತರಗಳು ಹೀಗಿದ್ದವು. ಒಬ್ಬರು, "ಛೇ, ನಿಮಗೇನೂ ಆಗಲ್ಲ, ನಾನಿದ್ದೀನಲ್ಲ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಾತು ಕೊಡುವ ಅಧಿಕಾರ ಅವರಿಗಿಲ್ಲ, ಅದು ಕೇಳುವವರಿಗೂ ಗೊತ್ತು. ಇನ್ನೊಬ್ಬರು, "ಚೆನ್ನಾಗಿ ಕೆಲಸ ಮಾಡೋರಿಗೆ ಯಾವ ಭಯಾನೂ ಇಲ್ಲ" ಅಂದರು. ಇದು ಇನ್ನೂ ಕೆಟ್ಟದ್ದು. ಯಾರೋ ಕೆಲಸ ಕಳೆದುಕೊಳ್ಳೋದು ಖಾತ್ರಿ, ಯಾರು ಅಂತ ನೋಡ್ತಿದ್ದೀವಿ ಅಂತ ಇದರ ಅರ್ಥ. ಮೂರನೆಯವರು ಸೇಫಾಗಿ "ನನಗೆ ಗೊತ್ತಿಲ್ಲ" ಅಂದರು. ಇದು ಸುಳ್ಳಲ್ಲ, ಆದರೆ ಕೇಳಿದವರು "ಗೊತ್ತಿದೆ, ಹೇಳ್ತಿಲ್ಲ" ಅಂತಲೇ ತಿಳಿದುಕೊಳ್ತಾರೆ.

ನಮ್ಮ ಕಾಗದದಲ್ಲಿದ್ದ ಉತ್ತರ ಇದು. "ಇವತ್ತಿನವರೆಗೆ ಯಾರನ್ನೂ ತೆಗೆಯುವ ತೀರ್ಮಾನ ಆಗಿಲ್ಲ, ಅಂಥ ಪಟ್ಟಿಯೂ ಇಲ್ಲ. ಇರುವವರನ್ನು ಉಳಿಸಿಕೊಳ್ಳೋಕೇ ಹೊಸಬರನ್ನು ತೆಗೆದುಕೊಳ್ತಿಲ್ಲ. ಸೆಪ್ಟೆಂಬರ್ ಆದಮೇಲೆ ಏನು ಅಂತ ಇವತ್ತು ನಾನು ಮಾತು ಕೊಡೋಕೆ ಆಗಲ್ಲ, ಅದು ಮುಂದಕ್ಕೆ ಹೋಗಿರುವ ಗುತ್ತಿಗೆ ಮೇಲೆ ನಿಂತಿದೆ. ಜೂನ್ 27ಕ್ಕೆ ಮತ್ತೆ ಕೂತು, ಅಲ್ಲಿವರೆಗೆ ಏನಾಗಿದೆ ಅಂತ ಹೇಳ್ತೀವಿ."

ಇದರಲ್ಲಿ ಇವತ್ತಿನ ನಿಜ ಇದೆ, ಕಾರಣ ಇದೆ, ಗೊತ್ತಿಲ್ಲದ್ದು ಇದೆ, ಒಂದು ದಿನಾಂಕ ಇದೆ. ಮೂರನೇ ವಾಕ್ಯ ತೆಗೆಯಿರಿ ಅಂತ ನಮ್ಮ ಮುಖ್ಯಸ್ಥರು ಎರಡು ಸಲ ಹೇಳಿದ್ದರು. "ಮಾತು ಕೊಡೋಕೆ ಆಗಲ್ಲ ಅಂದರೆ ಹೆದರಲ್ವಾ?" ಅಂದರು. ಸ್ವಲ್ಪ ಹೆದರ್ತಾರೆ. ಆದರೆ ಆ ಒಂದು ವಾಕ್ಯ ಇರೋದಕ್ಕೇ ಜನ ಮಿಕ್ಕ ಮೂರನ್ನು ನಂಬುತ್ತಾರೆ. ಮೂರು ಸಲ ಅಭ್ಯಾಸ ಮಾಡಿಸಿದೆವು. ಮೊದಲ ಸಲ ಎಲ್ಲರೂ ಕಾಗದ ನೋಡಿ ಓದಿದರು. ಮೂರನೇ ಸಲಕ್ಕೆ ತಮ್ಮದೇ ಮಾತಿನಲ್ಲಿ ಬಂತು. ಹಾಗೆ ಬರಲಿ ಅಂತಲೇ ಬಿಟ್ಟೆವು. ದಿನಾಂಕ ಮತ್ತು "ತೀರ್ಮಾನ ಆಗಿಲ್ಲ" ಅನ್ನುವ ಪದಗಳು ಮಾತ್ರ ಬದಲಾಗಬಾರದು ಅಂತ ಹೇಳಿದ್ದೆ. "ತೀರ್ಮಾನ ಆಗಿಲ್ಲ" ಬೇರೆ, "ಆಗೋದೇ ಇಲ್ಲ" ಬೇರೆ.

12:15ರ ಮೇಲ್ ಉದ್ದ ಇರಲಿಲ್ಲ. ಪೂರ್ತಿ ಓದಿಬಿಡ್ತೀನಿ, ಬೇಕಾದವರು ಬರೆದುಕೊಳ್ಳಿ.

"ಇವತ್ತಿನಿಂದ ಸೆಪ್ಟೆಂಬರ್ 30ರವರೆಗೆ ನಾವು ಹೊಸ ಹುದ್ದೆಗಳಿಗೆ ಜನರನ್ನು ತೆಗೆದುಕೊಳ್ಳುವುದಿಲ್ಲ. ಈ ವರ್ಷ ಶುರುವಾಗಬೇಕಿದ್ದ ದೊಡ್ಡ ಗುತ್ತಿಗೆಯೊಂದು ಮುಂದಕ್ಕೆ ಹೋಗಿದೆ, ಅದರಿಂದ ಬರಬೇಕಿದ್ದ ಹಣವೂ ಮುಂದಕ್ಕೆ ಹೋಗಿದೆ. ಈಗಾಗಲೇ ಕೊಟ್ಟಿರುವ ಆಫರ್‌ಗಳನ್ನು ಉಳಿಸಿಕೊಳ್ಳುತ್ತೇವೆ. ಅದೂ ಸೇರಿ ಹೆಚ್ಚೆಂದರೆ 8 ಜನ ಮುಂದಿನ ತಿಂಗಳುಗಳಲ್ಲಿ ನಮ್ಮನ್ನು ಸೇರಬಹುದು. ಪ್ರೊಬೇಷನ್ ಮುಗಿಸಿದವರ ಖಾಯಂ, ಈ ವರ್ಷದ ಸಂಬಳ ಏರಿಕೆ, ಒಳಗಿನ ವರ್ಗಾವಣೆ ಎಂದಿನಂತೆ ನಡೆಯುತ್ತವೆ. ಯಾರನ್ನೂ ಕೆಲಸದಿಂದ ತೆಗೆಯುವ ತೀರ್ಮಾನ ಆಗಿಲ್ಲ. ಜೂನ್ 27ಕ್ಕೆ ಮತ್ತೆ ನಿಮ್ಮ ಮುಂದೆ ಬಂದು ಪರಿಸ್ಥಿತಿ ಹೇಳುತ್ತೇವೆ. ಅಷ್ಟರೊಳಗೆ ಏನಾದರೂ ಬದಲಾದರೆ ಜೂನ್‌ವರೆಗೆ ಕಾಯದೆ ತಿಳಿಸುತ್ತೇವೆ."

ಇದರಲ್ಲಿ "ಮಾರುಕಟ್ಟೆಯ ಪರಿಸ್ಥಿತಿ" ಇಲ್ಲ, "ಮುಂದಿನ ಸೂಚನೆಯವರೆಗೆ" ಇಲ್ಲ. ಮಾರುಕಟ್ಟೆ ಅಂದರೆ ಯಾರಿಗೂ ಏನೂ ತಿಳಿಯಲ್ಲ. ಒಂದು ಗುತ್ತಿಗೆ ಮುಂದಕ್ಕೆ ಹೋಗಿದೆ ಅಂದರೆ ಎಲ್ಲರಿಗೂ ಅರ್ಥ ಆಗುತ್ತದೆ. "ಮುಂದಿನ ಸೂಚನೆ" ಅಂದರೆ ಪ್ರತಿದಿನ ಬೆಳಗ್ಗೆ ಮೇಲ್ ತೆಗೆಯುವಾಗ ಎದೆ ಹೊಡೆದುಕೊಳ್ಳೋದು.

ಆ ದಿನ ಹೇಗೋ ಕಳೆಯಿತು. ಇಲ್ಲಿಗೆ ಕೆಲಸ ಮುಗಿಯಿತು ಅಂತ ಎಷ್ಟೋ ಜನ ಅಂದುಕೊಳ್ತಾರೆ. ಗಾಬರಿ ಹುಟ್ಟೋದು ಆಮೇಲೆ, ಅದೂ ಸದ್ದಿಲ್ಲದೆ. ಗಾಬರಿಯಾದವರು ಬಂದು ಜಗಳ ಮಾಡಲ್ಲ, ಸುಮ್ಮನಾಗ್ತಾರೆ. ಸಭೆಯಲ್ಲಿ ಪ್ರಶ್ನೆ ಕೇಳುತ್ತಿದ್ದವರು ಕೇಳೋದು ಬಿಡ್ತಾರೆ. ಎಚ್‌ಆರ್‌ಗೆ ಬರುವ ಸಣ್ಣ ಕೋರಿಕೆಗಳು ಬದಲಾಗುತ್ತವೆ. ಹಳೇ ಸಂಬಳದ ಸ್ಲಿಪ್ ಬೇಕು, ಅನುಭವ ಪತ್ರದ ನಮೂನೆ ಹೇಗಿರುತ್ತದೆ, ನನ್ನ ನೋಟಿಸ್ ಪೀರಿಯಡ್ ಎಷ್ಟು, ಉಳಿದ ರಜೆಗೆ ದುಡ್ಡು ಸಿಗುತ್ತಾ. ಇಂಥವನ್ನು ನಾವು ವಾರಕ್ಕೊಮ್ಮೆ ಸುಮ್ಮನೆ ಎಣಿಸಿ ಇಡುತ್ತಿದ್ದೆವು. ಯಾರು ಕೇಳಿದರು ಅಂತಲ್ಲ, ಎಷ್ಟು ಅಂತ ಮಾತ್ರ. ಹೆಸರು ಬರೆದಿಟ್ಟುಕೊಂಡರೆ ಅದು ಬೇಹುಗಾರಿಕೆ ಆಗುತ್ತದೆ. ಮಾಮೂಲಿ ವಾರದಲ್ಲಿ 6 ಅಥವಾ 7 ಇರುತ್ತಿದ್ದವು. ಆ ಮಂಗಳವಾರದ ವಾರ 19 ಬಂದವು. ಮುಂದಿನ ವಾರ 11. ಇಳೀತಾ ಇದೆ ಅಂತ ನಾನು ಖುಷಿಪಟ್ಟೆ.

ಮೂರನೇ ವಾರ 22 ಬಂದವು.

ಏನಾಯಿತು ಅಂತ ತಿಳಿಯೋಕೆ ಎರಡು ದಿನ ಹಿಡಿಯಿತು. ಆ ಸೋಮವಾರ ಹೊಸಬನೊಬ್ಬ ಕೆಲಸಕ್ಕೆ ಸೇರಿದ್ದ. ಫ್ರೀಜ್‌ಗೆ ಮುಂಚೆ ಆಫರ್ ಒಪ್ಪಿದ್ದ ನಾಲ್ವರಲ್ಲಿ ಒಬ್ಬ. ಆದರೆ ಅವನು ಬಂದ ಟೀಮಿನ ಪಕ್ಕದಲ್ಲೇ ಒಂದು ಖಾಲಿ ಕುರ್ಚಿ ಇತ್ತು. ನಾವು ಮುಚ್ಚಿದ ಮೂರು ಜಾಗಗಳಲ್ಲಿ ಅದೂ ಒಂದು. ಆ ಟೀಮಿನವರು ಇಬ್ಬರ ಕೆಲಸವನ್ನು ತಾವೇ ಎಳೆಯುತ್ತಿದ್ದರು. ಎದುರಿಗೆ ಹೊಸ ಮುಖ, ಹೊಸ ಲ್ಯಾಪ್‌ಟಾಪ್. "ನಮಗೆ ದುಡ್ಡಿಲ್ಲವಂತೆ, ಅವರಿಗೆ ಇದೆಯಂತೆ. ಅಂದರೆ ನಮ್ಮ ಟೀಮನ್ನು ಮುಚ್ತಾರೆ." ಮೇಲ್‌ನಲ್ಲಿ 8 ಜನ ಅಂತ ಬರೆದಿತ್ತು. ಆದರೆ ಮೂರು ವಾರದ ಹಿಂದಿನ ಮೇಲ್‌ನ ನಾಲ್ಕನೇ ಸಾಲು ಯಾರಿಗೆ ನೆನಪಿರುತ್ತದೆ?

ತಪ್ಪು ನಮ್ಮದೇ. ಅಲ್ಲಿಂದ ಮುಂದೆ ಯಾರೇ ಸೇರಿದರೂ ಹಿಂದಿನ ದಿನವೇ ಅಕ್ಕಪಕ್ಕದ ಟೀಮಿನವರಿಗೂ ಹೇಳಿದೆವು. "ನಾಳೆ ಒಬ್ಬರು ಬರ್ತಾರೆ. ಅವತ್ತು ಹೇಳಿದ ಎಂಟರಲ್ಲಿ ಇದು ಎರಡನೆಯದು." ಫ್ರೀಜ್ ಇರುವಾಗ ಬರುವ ಪ್ರತಿ ಹೊಸ ಮುಖಕ್ಕೂ ವಿವರಣೆ ಬೇಕು. ಗುತ್ತಿಗೆ ಮೇಲೆ ಬರುವವರಿಗಂತೂ ಇನ್ನೂ ಜಾಸ್ತಿ ಬೇಕು. ಮುಂಬಾಗಿಲು ಮುಚ್ಚಿದರೆ ಮ್ಯಾನೇಜರ್‌ಗಳು ಹಿಂಬಾಗಿಲು ಹುಡುಕುತ್ತಾರೆ. ಅಮೆರಿಕದ ಸರ್ಕಾರದ ಫ್ರೀಜ್‌ಗಳನ್ನು ಅಲ್ಲಿನ ಲೆಕ್ಕ ತಪಾಸಣೆಯವರು 1982ರಲ್ಲಿ ಪರಿಶೀಲಿಸಿದರು. ನೌಕರರ ಸಂಖ್ಯೆಯನ್ನು ಹತೋಟಿಗೆ ತರೋಕೆ ಇವು ಕೆಲಸಕ್ಕೆ ಬಂದಿಲ್ಲ ಅಂತ ಅವರು ಬರೆದರು. ಕೆಲಸ ಹಾಗೇ ಉಳಿದಿತ್ತು, ಓವರ್‌ಟೈಮ್ ಆಗಿ, ಹೊರಗುತ್ತಿಗೆ ಆಗಿ ಬೇರೆ ದಾರಿಯಲ್ಲಿ ನಡೆಯಿತು.

ಕೆಲಸ ಹಾಗೇ ಉಳಿಯುವುದೇ ನಿಜವಾದ ತೊಂದರೆ. "ಇರೋರೇ ಹೊಂದಿಸ್ಕೊಳ್ಳಿ" ಅಂತ ಹೇಳಿ ಕೈ ತೊಳೆದುಕೊಂಡರೆ ಎರಡನೇ ತಿಂಗಳಿಗೆ ಜನ ಸೋತುಹೋಗ್ತಾರೆ. ಸೋತವರ ಕಿವಿಗೆ ಯಾವ ಸುದ್ದಿಯೂ ಕೆಟ್ಟ ಸುದ್ದಿಯಾಗೇ ಬೀಳುತ್ತದೆ. ಅದಕ್ಕೆ ಜಾಗ ಮುಚ್ಚಿದ ಮೂರು ಟೀಮಿನ ಮ್ಯಾನೇಜರ್‌ಗಳಿಗೆ ನಾವು ಒಂದು ಕೆಲಸ ಕೊಟ್ಟೆವು. ಏನು ಮಾಡ್ತೀರಿ ಅಂತ ಅಲ್ಲ, ಏನು ಬಿಡ್ತೀರಿ ಅಂತ ಬರೆದು ತನ್ನಿ. ನಡುಗುವ ದನಿಯಲ್ಲಿ ಕೇಳಿದ್ದರಲ್ಲ, ಆ ಮ್ಯಾನೇಜರ್‌ಗೂ ಇದನ್ನೇ ಹೇಳಿದೆವು. ಅವರು ತಂದ ಪಟ್ಟಿಯಲ್ಲಿ ಒಂದು ವಾರದ ವರದಿ ಇತ್ತು. ಪ್ರತಿ ಗುರುವಾರ ಇಬ್ಬರು ಅರ್ಧ ದಿನ ಕೂತು ಮಾಡುತ್ತಿದ್ದರು. ನಿಲ್ಲಿಸಿದೆವು. ಆರು ತಿಂಗಳಲ್ಲಿ ಒಬ್ಬರೂ ಆ ವರದಿ ಎಲ್ಲಿ ಅಂತ ಕೇಳಲಿಲ್ಲ. ನಗಬೇಡಿ, ನಿಮ್ಮ ಆಫೀಸಿನಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ.

ಐದನೇ ವಾರಕ್ಕೆ ಕೋರಿಕೆಗಳು 8ಕ್ಕೆ ಇಳಿದವು.

ಜೂನ್ 27 ಬಂತು. ಹೊಸದಾಗಿ ಹೇಳೋಕೆ ಏನೂ ಇರಲಿಲ್ಲ. ಗುತ್ತಿಗೆಯ ಮಾತುಕತೆ ನಡೀತಾನೇ ಇತ್ತು. "ಸುದ್ದಿ ಇಲ್ಲವಲ್ಲ, ಮುಂದಿನ ತಿಂಗಳು ಸೇರೋಣ" ಅಂದರು ನಮ್ಮ ಮುಖ್ಯಸ್ಥರು. ನಾನು ಒಪ್ಪಲಿಲ್ಲ. ಹೇಳಿದ ದಿನ ನೀವು ಕಾಣಿಸದಿದ್ದರೆ ಸುದ್ದಿಯನ್ನು ಜನರೇ ತಯಾರು ಮಾಡಿಕೊಳ್ತಾರೆ. ಸಭೆ ಏಳು ನಿಮಿಷದಲ್ಲಿ ಮುಗಿಯಿತು. "ಸಹಿ ಆಗಿಲ್ಲ, ಮಾತುಕತೆ ಮುರಿದೂ ಇಲ್ಲ, ಎಂಟರಲ್ಲಿ ಆರು ಜನ ಬಂದಿದ್ದಾರೆ, ಬೇರೇನೂ ಬದಲಾಗಿಲ್ಲ." ಪ್ರಶ್ನೆ ಇದೆಯಾ ಅಂತ ಕೇಳಿದೆ. ಮೂರನೇ ಮಹಡಿಯ ಏಸಿ ಯಾವಾಗ ರಿಪೇರಿ ಆಗುತ್ತದೆ ಅಂತ ಒಬ್ಬರು ಕೇಳಿದರು. ನನಗೆ ಆ ಪ್ರಶ್ನೆ ಕೇಳಿ ಎಷ್ಟು ನೆಮ್ಮದಿ ಆಯಿತು ಅಂತ ಅವರಿಗೆ ಗೊತ್ತಿಲ್ಲ.

ಇಲ್ಲಿಗೆ ನನ್ನ ಮಾತು ಮುಗಿಸಿದ್ದೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದ್ದನ್ನು ಇಲ್ಲಿ ಸೇರಿಸಲೇಬೇಕು. "ಮೇಡಂ, ಆಮೇಲೆ ಏನಾಯ್ತು? ಯಾರನ್ನೂ ತೆಗೀಲೇ ಇಲ್ವಾ?"

ಆ ವರ್ಷ ಇಲ್ಲ. ಸೆಪ್ಟೆಂಬರ್‌ನಲ್ಲಿ ಗುತ್ತಿಗೆಗೆ ಸಹಿ ಬಿತ್ತು, ಅಂದುಕೊಂಡಿದ್ದಕ್ಕಿಂತ ಸಣ್ಣದು. ಮುಚ್ಚಿದ್ದ 19 ಹುದ್ದೆಯಲ್ಲಿ 7 ತೆರೆದೆವು, 12 ಹಾಗೇ ಉಳಿದವು. ಮುಂದಿನ ವರ್ಷ ಒಂದು ಇಡೀ ವಿಭಾಗ ಮುಚ್ಚಬೇಕಾಗಿ ಬಂತು. ಆಗ ಜನರನ್ನು ಕಳಿಸಿದೆವು. ಆ ಕೋಣೆಯಲ್ಲೂ ನಾನೇ ಇದ್ದೆ. ಒಬ್ಬರಿಗೆ ತುಂಬ ಸಿಟ್ಟು ಬಂದಿತ್ತು, ಬರಬೇಕಾದ್ದೇ. "ಮಾತು ಕೊಡೋಕೆ ಆಗಲ್ಲ ಅಂತ ಹೋದ ವರ್ಷವೇ ಹೇಳಿದ್ರಿ ಬಿಡಿ" ಅಂದರು. ಆಮೇಲೆ ಡೈರಿ ತೆಗೆದು, "ಕೊನೇ ಸಂಬಳ ಯಾವ ತಾರೀಖು?" ಅಂತ ಕೇಳಿದರು. ನಾನು ಹೇಳಿದೆ. ಅವರು ಮತ್ತೆ ಕೇಳದೆ ಬರೆದುಕೊಂಡರು.